ಡಿಸೆಂಬರ್ 3ರ ಪ್ರಾರ್ಥನೆಗೆ ಏಳನೇ ಕ್ಲಾಸಿನ ಹುಡುಗಿಗೆ ನಾಲ್ಕು ನಿಮಿಷದ ಭಾಷಣ ಬೇಕು

ಏಳನೇ ಕ್ಲಾಸ್ ಟೀಚರ್

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡ್ತೀನಿ. ವಿಕಲಚೇತನರ ದಿನಕ್ಕೆ ಪ್ರಾರ್ಥನೆ ಮುಗಿದ ಮೇಲೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಮಾತಾಡಬೇಕು. ನಮ್ಮ ಎಚ್‌ಎಂ ಕೊಟ್ಟ ವಿಷಯ "ಸ್ನೇಹ ಮತ್ತು ಅಡೆತಡೆ ನಿವಾರಣೆ". ಶಾಲೆಯ ಮೇಲುಸ್ತುವಾರಿ ಸಮಿತಿ, ಎಸ್‌ಡಿಎಂಸಿಯವರೂ ಬರ್ತಾರೆ.

ಸುಮ್ಮನೆ ಒಂದು ಭಾಷಣ ಬರೆದುಕೊಡಿ ಅಂತ ಕೇಳ್ತಿಲ್ಲ. ಹೋದ ವರ್ಷ ನಾನೇ ಬರೆದುಕೊಟ್ಟಿದ್ದೆ. ದೇವರು ಒಂದು ಕಿತ್ತುಕೊಂಡರೆ ಇನ್ನೊಂದು ಕೊಡ್ತಾನೆ, ಇವರು ದೇವರ ಮಕ್ಕಳು, ಕರುಣೆಯಿಂದ ನೋಡೋಣ, ಹೀಗೆ. ಅದೇ ಕ್ಲಾಸಲ್ಲಿ ವೀಲ್‌ಚೇರ್‌ನಲ್ಲಿ ಬರೋ ಒಬ್ಬ ಹುಡುಗ ಇದ್ದಾನೆ. "ಕರುಣೆ" ಅನ್ನೋ ಮಾತು ಮೈಕಿನಲ್ಲಿ ಬಂದ ಕೂಡಲೇ ಸಾಲಿನಲ್ಲಿ ನಿಂತಿದ್ದ ಅಷ್ಟೂ ಮಕ್ಕಳು ಹಿಂದೆ ತಿರುಗಿ ಅವನನ್ನು ನೋಡಿದರು. ಅವನು ತಲೆ ಬಗ್ಗಿಸಿ ಚಕ್ರದ ಕಡ್ಡಿಗಳನ್ನು ಬೆರಳಲ್ಲಿ ಒಂದೊಂದಾಗಿ ಮುಟ್ಟುತ್ತಾ ಕೂತಿದ್ದ. ಆಮೇಲೆ ಚಪ್ಪಾಳೆ ಬೇರೆ. ಈ ಸಲ ಹಾಗಾಗಬಾರದು. ಏನು ಹೇಳಿಸೋದು?

ಕ್ವಿಜ್ ಮೇಷ್ಟ್ರು

ಮೇಡಂ, ಶುರುವಿನಲ್ಲಿ ಇತಿಹಾಸ ಇರಲಿ, ಭಾಷಣಕ್ಕೆ ತೂಕ ಬರುತ್ತೆ. ವಿಶ್ವಸಂಸ್ಥೆ 1981ರಿಂದ ಡಿಸೆಂಬರ್ 3ನ್ನು ಆಚರಿಸ್ತಾ ಬಂದಿದೆ. ಆಮೇಲೆ 2016ರ ಕಾಯ್ದೆ, ಅದರಲ್ಲಿ 21 ಬಗೆಯ ವೈಕಲ್ಯ, ಅದರ ಪಟ್ಟಿ. ಕೊನೆಗೆ ಸಾಧಕರು: ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ನಮ್ಮ ಎಚ್.ಎನ್. ಗಿರೀಶ್, ಮಾಲತಿ ಹೊಳ್ಳ, ಗದಗಿನ ಪುಟ್ಟರಾಜ ಗವಾಯಿಗಳು. ಇಷ್ಟಾದರೆ ನಾಲ್ಕು ನಿಮಿಷ ತುಂಬಿತು.

ಮತ್ತೆ ಒಂದು ಮಾತು, "ವಿಕಲಚೇತನ" ಹಳೇ ಪದ. ಈಗ "ದಿವ್ಯಾಂಗ" ಅಂತಲೇ ಹೇಳಬೇಕು, ಕಾನೂನು.

ಬಿಳಿಕೋಲು

ಮೇಷ್ಟ್ರ, ಅರ್ಧ ಸರಿ ಅದ ನಿಮ್ಮ ಲೆಕ್ಕ. 1981 ಅಂದ್ರ ಅಂತರರಾಷ್ಟ್ರೀಯ ಅಂಗವಿಕಲರ ವರ್ಷ. ಡಿಸೆಂಬರ್ 3ರ ದಿನಾ ಘೋಷಣಾ ಆಗಿದ್ದು 1992ರಾಗ. ದಿವ್ಯಾಂಗ ಅನ್ನೂದು 2015ರ ಕಡೀಗೆ ಪ್ರಧಾನಿ ರೇಡಿಯೋದಾಗ ಹೇಳಿದ ಮ್ಯಾಲೆ ಬಳಕಿಗೆ ಬಂತು. ಹಂಗ ಅನ್ನಲಿಕ್ಕೇಬೇಕು ಅಂತ ಕಾಯ್ದಾ ಏನಿಲ್ಲ. ನಮ್ಮ ರಾಜ್ಯದ ಇಲಾಖೆ ಹೆಸರಿನಾಗ ಇವತ್ತಿಗೂ ವಿಕಲಚೇತನ ಅಂತನ ಅದ. ನನಗಂತೂ ನನ್ನ ಕಣ್ಣಾಗ ದಿವ್ಯ ಏನೂ ಕಂಡಿಲ್ಲರಿ. ಕುರುಡ ಅಂತ ಬೈಗುಳದ ದನಿಯೊಳಗ ಕರೀಬ್ಯಾಡ್ರಿ, ಕಣ್ಣು ಕಾಣೂದಿಲ್ಲ ಅಂತ ಸೀದಾ ಹೇಳ್ರಿ, ಸಾಕು.

ಪುಟ್ಟರಾಜ ಗವಾಯಿಗಳ ಊರಿನಾಂವ ನಾ. ಅವರ ಮ್ಯಾಲೆ ಭಕ್ತಿ ಅದ. ಆದರ ಶಾಲ್ಯಾಗ ನನ್ನ ಮುಂದ ಪ್ರತಿ ವರ್ಷ ಗವಾಯಿಗಳ ಹೆಸರು ಹೇಳೋರು, ಹೇಳಿ "ನೀನೂ ಹಾಡು" ಅನ್ನೋರು. ನನಗ ಶ್ರುತಿನ ಹತ್ತೂದಿಲ್ಲ. ನಂದು ಬ್ಯಾಂಕ್ ನೌಕರಿ, ಲೆಕ್ಕ ನನ್ನ ಕಸಬು. ಗಾಲಿಕುರ್ಚಿ ಹುಡುಗನ ಮುಂದ ಎತ್ತರ ಜಿಗಿತದ ಪದಕದ ಮಾತು ಆಡಿದ್ರ, ಅಂವ ಆ ಮುಂಜಾನೆ ಏನು ಮಾಡಬೇಕ್ರಿ? ಜಿಗೀಬೇಕೇನು?

ಚನ್ನಪಟ್ಟಣದ ಅಪ್ಪ

ಸರ್ ನನ್ನ ಮಗಳಿಗೆ ಐದು ವರ್ಷ, ಒಂದು ಕಿವಿ ಕೇಳಲ್ಲ. ವಿಕಲಚೇತನರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸೋಕೆ ಶಾಲೆಯಲ್ಲೇ ಅರ್ಜಿ ಕೊಡಬಹುದಾ? ಡಿಸೆಂಬರ್ 3ಕ್ಕೆ ಕ್ಯಾಂಪ್ ಇರುತ್ತಾ?

ಬ್ಲಾಕಿನ ಬಿಐಇಆರ್‌ಟಿ

ಚನ್ನಪಟ್ಟಣದವರೇ, ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು ಇರ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಮೊದಲು ಅವರನ್ನು ಹಿಡೀರಿ. ಅರ್ಜಿ ಆನ್‌ಲೈನ್, ತಪಾಸಣೆ ಆಸ್ಪತ್ರೆಯಲ್ಲಿ. ಇಲ್ಲಿ ಬೇರೆ ವಿಷಯ ನಡೀತಿದೆ, ಬೇರೆ ಪೋಸ್ಟ್ ಹಾಕಿ, ವಿವರವಾಗಿ ಹೇಳ್ತೀನಿ.

ಟೀಚರ್, ನಾನು ಹನ್ನೆರಡು ವರ್ಷದಿಂದ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕಿ. ಬ್ಲಾಕಿನ ಶಾಲೆಗಳಿಗೆಲ್ಲ ಸುತ್ತುತ್ತೀನಿ. ಡಿಸೆಂಬರ್ 3ರ ಭಾಷಣ ನೂರಾರು ಕೇಳಿದ್ದೀನಿ. ಎಲ್ಲವೂ "ಅವರು" ಅಂತ ಶುರುವಾಗುತ್ವೆ. "ಅವರನ್ನು ನಾವು ಪ್ರೀತಿಸೋಣ." ಆ "ಅವರು" ಅಲ್ಲೇ ಮೂರನೇ ಸಾಲಲ್ಲಿ ಕೂತಿರ್ತಾರೆ. ಭಾಷಣ ಹುಡುಗನ ಕಾಲಿನ ಬಗ್ಗೆ ಆಗಬಾರದು, ನಿಮ್ಮ ಶಾಲೆಯ ಮೆಟ್ಟಿಲಿನ ಬಗ್ಗೆ ಆಗಬೇಕು. ಆಗ ಮಕ್ಕಳು ತಿರುಗಿ ನೋಡಿದರೂ ಮೆಟ್ಟಿಲನ್ನೇ ನೋಡ್ತಾರೆ.

ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿ: ಬೆಳಿಗ್ಗೆ ಗೇಟಿನಿಂದ ಸಂಜೆ ಗೇಟಿನ ತನಕ ಎಲ್ಲೆಲ್ಲಿ ನಿಲ್ಲಬೇಕಾಗುತ್ತೆ? "ನಿನ್ನ ಕಷ್ಟ ಏನು" ಅಂತ ಕೇಳಬೇಡಿ, ಏನಿಲ್ಲ ಟೀಚರ್ ಅಂತಾನೆ. ಜಾಗ ಕೇಳಿ.

ಶಿರಸಿ ಅಮ್ಮ

ನನ್ನ ಮಗಳಿಗೆ ಶ್ರವಣಯಂತ್ರ ಇದೆ, ಈಗ ಒಂಬತ್ತನೇ ಕ್ಲಾಸು. ಅವಳಿಗೆ ಪ್ರಾರ್ಥನೆಯೇ ದಿನದ ಕೆಟ್ಟ ಹೊತ್ತು. ಮೈಕಿನ ಗೊರಗೊರ ಯಂತ್ರದೊಳಗೆ ಇನ್ನೂ ದೊಡ್ಡದಾಗಿ ಬರುತ್ತೆ, ಮಾತು ಮಾತ್ರ ಬರೋಲ್ಲ. ಮಾತಾಡೋರು ಮೈಕನ್ನು ಬಾಯಿಗೇ ಅಂಟಿಸಿಕೊಂಡರೆ ತುಟಿಯೂ ಕಾಣೋಲ್ಲ. ಬೆನ್ನಿಗೆ ಸೂರ್ಯ ಇದ್ದರಂತೂ ಮುಖವೇ ಕಪ್ಪು.

ಸ್ನೇಹ ಅಂದಿರಲ್ಲ, ಅದಕ್ಕೊಂದು ಹೇಳ್ತೇನೆ. ಅವಳು ಐದನೇ ಕ್ಲಾಸಲ್ಲಿದ್ದಾಗ ಒಂದಿನ ಮನೆಗೆ ಬಂದು "ಅಮ್ಮಾ, 'ಏನಿಲ್ಲ ಬಿಡು' ಅಂದ್ರೆ ಏನು?" ಅಂತ ಕೇಳಿದಳು. ಗೆಳತಿಯರು ಏನೋ ಹೇಳಿ ನಗ್ತಾರೆ, ಇವಳು ಏನು ಅಂತ ಕೇಳಿದರೆ "ಏನಿಲ್ಲ ಬಿಡು" ಅಂತಾರೆ. ದಿನಕ್ಕೆ ಹತ್ತು ಸಲ. ಅದರಲ್ಲಿ ಕೆಟ್ಟ ಬುದ್ಧಿ ಇಲ್ಲ, ತಿರುಗಿ ಹೇಳೋಕೆ ಬೇಜಾರು ಅಷ್ಟೆ. ಆದರೆ ನಗೋದು ಮಿಕ್ಕವರ ಪಾಲು, "ಬಿಡು" ಇವಳ ಪಾಲು. ಒಬ್ಬಳು ಮಾತ್ರ ಭುಜ ಮುಟ್ಟಿ, ಎದುರು ಬಂದು ನಿಂತು, ಹಳಸಿದ ಜೋಕನ್ನೂ ಎರಡನೇ ಸಲ ಹೇಳ್ತಿದ್ದಳು. ಈಗಲೂ ಅವಳೇ ಇವಳ ಗೆಳತಿ.

ಊರ ಹುಡುಗ 99

ಕಣ್ಣಿಗೆ ಬಟ್ಟೆ ಕಟ್ಟಿಸಿ ಮಕ್ಕಳನ್ನು ಮೈದಾನದಲ್ಲಿ ನಡೆಸಿ ಟೀಚರ್. ನಮ್ಮ ಕಾಲೇಜಲ್ಲಿ ಎನ್ಎಸ್ಎಸ್‌ನವರು ಮಾಡಿಸಿದ್ರು. ಭಾಷಣಕ್ಕಿಂತ ಬೇಗ ಅರ್ಥ ಆಗುತ್ತೆ. ಇಬ್ಬರು ಅತ್ತೇಬಿಟ್ರು.

ಬಿಳಿಕೋಲು

ಅತ್ರು, ಅದ ತೊಂದ್ರಿ ನೋಡಪಾ. ಕಣ್ಣು ಕಟ್ಟಿದ ಹತ್ತು ನಿಮಿಷದಾಗ ಹುಡುಗರು ಕಲಿಯೂದು ಅಂಜಿಕಿ. ನಾ ಎರಡು ವರ್ಷ ಕೋಲು ಹಿಡಿದು ನಡೀಲಿಕ್ಕೆ ಕಲತೀನಿ. ಗೋಡಿ ಹತ್ರ ಬಂತು ಅಂದ್ರ ದನಿ ಬದಲಾಗತದ, ನನಗ ಗೊತ್ತಾಗತದ. ಬಟ್ಟಿ ಕಟ್ಟಿದ ಹುಡುಗಗ ಇದ್ಯಾವುದೂ ಬರೂದಿಲ್ಲ. ಬಟ್ಟಿ ಬಿಚ್ಚಿದ ಮ್ಯಾಲೆ ಅಂವ ನನ್ನ ನೋಡಿ "ಅಯ್ಯ ಪಾಪ" ಅಂತಾನ. ಟೀಚರ್ ಬ್ಯಾಡ ಅಂದ ಕರುಣಾ ಹಿತ್ತಲ ಬಾಗಿಲಿಂದ ಬಂದಂಗಾತು.

ಊರ ಹುಡುಗ 99

ನನಗೆ ಹಾಗನ್ನಿಸಿರಲಿಲ್ಲ. ಆದರೂ ಮಕ್ಕಳಿಗೆ ಏನಾದರೂ ಕೈಯಿಂದ ಮಾಡಿಸಬೇಕು, ಬರೀ ಕೇಳಿದರೆ ಮರೀತಾರೆ.

ಬ್ಲಾಕಿನ ಬಿಐಇಆರ್‌ಟಿ

ಕೈಯಿಂದ ಮಾಡಿಸಿ, ಒಪ್ತೀನಿ. ಕಣ್ಣಿಗೆ ಬಟ್ಟೆ ಬದಲು ಕೈಗೆ ಟೇಪು ಕೊಡಿ. ರ್‍ಯಾಂಪು, ಬಾಗಿಲು, ಮೆಟ್ಟಿಲು ಅಳೆಯಲಿ. ಗಣಿತದ ಪೀರಿಯಡ್ಡೂ ಆಯ್ತು.

ಏಳನೇ ಕ್ಲಾಸ್ ಟೀಚರ್

ಎರಡು ದಿನ ಕಾಣಿಸಲಿಲ್ಲ, ಕ್ಷಮಿಸಿ. ಹುಡುಗನನ್ನು ಕೇಳಿದೆ, ಜಾಗ ಅಂತಲೇ ಕೇಳಿದೆ. ಮೊದಲು ಗೇಟು ಅಂದ, ಆಮೇಲೆ ರ್‍ಯಾಂಪು. ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ಕಡೆ" ಅಂತ ಗದ್ದ ಎತ್ತಿ ಶೌಚಾಲಯ ತೋರಿಸಿದ.

ನನಗೆ ತಲೆ ತಗ್ಗಿಸೋ ಹಾಗಾಯ್ತು. ದಿನಾ ಬೆಳಿಗ್ಗೆ ಅವನ ಅಮ್ಮ ನೀಲಿ ಬಾಟಲಿ ತುಂಬಿ ಕಳಿಸ್ತಾರೆ. ನೀರಿನ ಬೆಲ್ ಹೊಡೆದಾಗ ಎಲ್ಲರೂ ಕುಡೀತಾರೆ, ಅವನು ಬಾಟಲಿ ಎತ್ತಿ ತುಟಿಗೆ ಮುಟ್ಟಿಸಿ ಇಡ್ತಾನೆ. ಸಂಜೆ ಬಾಟಲಿ ತುಂಬಿದ್ದಂಗೇ ಮನೆಗೆ ಹೋಗುತ್ತೆ. ನಾನು ನೋಡಿದ್ದೀನಿ, ಬಾಯಾರಿಕೆ ಕಡಿಮೆ ಇರಬೇಕು ಅಂದುಕೊಂಡಿದ್ದೆ. ಹತ್ತು ಗಂಟೆಯಿಂದ ನಾಲ್ಕೂ ಕಾಲರ ತನಕ ಶೌಚಾಲಯಕ್ಕೆ ಹೋಗಬಾರದು ಅಂತಲೇ ಅವನು ನೀರು ಕುಡಿಯಲ್ಲ. ಹೋಗಬೇಕಂದ್ರೆ ನಾಲ್ಕು ಹುಡುಗರು ಕುರ್ಚಿ ಸಮೇತ ಎತ್ತಬೇಕು. ಅವರು ಎತ್ತುತ್ತಾರೆ, ಇಲ್ಲ ಅನ್ನಲ್ಲ. "ಕಬಡ್ಡಿ ಆಡ್ತಿರ್ತಾರೆ, ಕರೆಯೋಕೆ ಒಂಥರಾ" ಅಂದ.

ಅಳತೆ ಹೀಗಿದೆ, ಮಕ್ಕಳೇ ತೆಗೆದದ್ದು. ಟೇಪಿನ ತುದಿ ಹಿಡಿದು ಓದಿ ಹೇಳಿದವನು ಅವನೇ. ಜಗಲಿ ನೆಲದಿಂದ 18 ಇಂಚು ಎತ್ತರ, ರ್‍ಯಾಂಪಿನ ಉದ್ದ 6 ಅಡಿ. ಶೌಚಾಲಯಕ್ಕೆ ಒಂದು ಮೆಟ್ಟಿಲು, 7 ಇಂಚು, ರ್‍ಯಾಂಪಿಲ್ಲ. ಬಾಗಿಲ ಚೌಕಟ್ಟಿನ ಒಳಗಿನ ಅಗಲ 27 ಇಂಚೂವರೆ, ಆದರೆ ಬಾಗಿಲು ತೆಗೆದಾಗ ಸಿಗೋದು 26 ಇಂಚು. ವೀಲ್‌ಚೇರ್‌ನ ಅಗಲ, ಚಕ್ರದ ಹೊರಬದಿಯಲ್ಲಿ ಕೈಯಿಂದ ತಳ್ಳೋ ಕೈಬಳೆ ಇರುತ್ತಲ್ಲ, ಆ ಕೈಬಳೆಯಿಂದ ಕೈಬಳೆಗೆ, ಸರಿಯಾಗಿ 26.

ಟೇಪು ಮಟ್ಟಗೋಲು

ನಾನು ಸೈಟ್ ಸೂಪರ್‌ವೈಸರು, ಶಾಲೆ ಕಟ್ಟಡಗಳನ್ನೂ ಕಟ್ಟಿದ್ದೀನಿ. ಮಕ್ಕಳ ಅಳತೆ ಚೆನ್ನಾಗಿದೆ, ನಮ್ಮ ಕೆಲವು ಬಿಲ್ಲುಗಳಿಗಿಂತ ಚೆನ್ನಾಗಿದೆ.

ರ್‍ಯಾಂಪಿಗೆ ನಿಯಮ 1:12. ಮಕ್ಕಳಿಗೆ ಹೇಳೋದಾದರೆ ಇನ್ನೂ ಸುಲಭ, ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ನಿಮ್ಮ ಜಗಲಿ 18 ಇಂಚು, ಅಂದರೆ 18 ಅಡಿ ರ್‍ಯಾಂಪು ಬೇಕು. ಇರೋದು 6 ಅಡಿ. ಅದು ರ್‍ಯಾಂಪಲ್ಲ, ಜಾರುಬಂಡೆ. ಒಂದು ಲೆಕ್ಕ ನೋಡಿ: ಹುಡುಗ, ಬ್ಯಾಗು, ಕುರ್ಚಿ ಸೇರಿ 48 ಕೆಜಿ ಅಂತ ಇಟ್ಟುಕೊಳ್ಳಿ. ನಿಮ್ಮ ಈಗಿನ ಇಳಿಜಾರಲ್ಲಿ ಹಿಂದಿನಿಂದ ತಳ್ಳೋನ ಕೈಗೆ ಸುಮಾರು 12 ಕೆಜಿಯಷ್ಟು ಭಾರ ಬರುತ್ತೆ. 18 ಅಡಿ ಇದ್ದರೆ ನಾಲ್ಕೇ ಕೆಜಿ. ನಾಲ್ಕು ಕೆಜಿಯಾದರೆ ನಾಲ್ಕನೇ ಕ್ಲಾಸಿನ ಹುಡುಗಿಯೂ ತಳ್ತಾಳೆ, ಕೈಯಲ್ಲಿ ಶಕ್ತಿ ಇದ್ದರೆ ಅವನೇ ಹತ್ತುತ್ತಾನೆ. ಈಗಿನದರಲ್ಲಿ ಇಳಿಯುವಾಗ ಮುಂದಕ್ಕೆ ಮುಗ್ಗರಿಸೋ ಭಯ ಇದೆ. ಹೊಸದು ಕಟ್ಟೋವರೆಗೆ ಇಳಿಸುವಾಗ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ದೊಡ್ಡವರೊಬ್ಬರು ಕೆಳಗಿನಿಂದ ಹಿಡಿದು ಇಳಿಸಲಿ.

ಅಂಗಳದಲ್ಲಿ ನೇರಕ್ಕೆ 18 ಅಡಿ ಇಲ್ಲದಿದ್ದರೆ ಎಲ್ ಆಕಾರಕ್ಕೆ ತಿರುಗಿಸಿ. ತಿರುವಿನಲ್ಲಿ 5 ಅಡಿ ಚೌಕ ಸಮತಟ್ಟು ಬಿಡಬೇಕು, ಇಲ್ಲದಿದ್ದರೆ ಕುರ್ಚಿ ತಿರುಗಲ್ಲ. ಮೇಲ್ಮೈಗೆ ನಯವಾದ ರೆಡ್ ಆಕ್ಸೈಡ್ ಬೇಡ, ಮಳೆ ಬಂದರೆ ಎಲ್ಲರೂ ಬೀಳ್ತಾರೆ. ಸಿಮೆಂಟ್ ಹಸಿ ಇರುವಾಗಲೇ ಕಡ್ಡಿಪೊರಕೆಯಲ್ಲಿ ಅಡ್ಡ ಗೀರು ಎಳೆಸಿ.

ಬಾಗಿಲಿಗೆ ಸದ್ಯಕ್ಕೆ ಒಂದು ದಾರಿ ಇದೆ. ನಿಮ್ಮ ಬಾಗಿಲು ಒಳಕ್ಕೆ ತೆರೀತಿದೆ, ಗೋಡೆ ಅಡ್ಡ ಬಂದು ನೇರ ನಿಲ್ಲುತ್ತೆ, ಹಲಗೆಯ ದಪ್ಪ ದಾರಿಯನ್ನು ತಿನ್ನುತ್ತೆ. ಆ ಒಂದೂವರೆ ಇಂಚು ಹೋಗಿದ್ದು ಅಲ್ಲೇ. ಹಿಂಜು ಬಿಚ್ಚಿ ಹೊರಕ್ಕೆ ತೆರೆಯೋ ಹಾಗೆ, ಗೋಡೆಗೆ ಪೂರ್ತಿ ಒರಗೋ ಹಾಗೆ ಕೂರಿಸಿದರೆ 27 ಇಂಚೂವರೆ ಪೂರ್ತಿ ಸಿಗುತ್ತೆ. ಬಡಗಿಗೆ ಅರ್ಧ ದಿನದ ಕೆಲಸ. ಹೊರಕ್ಕೆ ತೆರೆಯೋದರಲ್ಲಿ ಇನ್ನೊಂದು ಲಾಭ, ಒಳಗೆ ಬಿದ್ದರೂ ಬಾಗಿಲು ಅಡ್ಡ ಆಗಲ್ಲ. ನಿಜವಾಗಿ ಬೇಕಾದ್ದು 900 ಮಿಲಿಮೀಟರ್, ಮೂರು ಅಡಿ. ಅದಕ್ಕೆ ಚೌಕಟ್ಟೇ ಒಡೀಬೇಕು.

ಬ್ಲಾಕಿನ ಬಿಐಇಆರ್‌ಟಿ

ಟೇಪಿನವರು ಬಾಗಿಲು ನೋಡಿದರು, ನನಗೆ ಕುರ್ಚಿ ಮೇಲೆ ಅನುಮಾನ. 26 ಇಂಚು ಅಂದರೆ ದೊಡ್ಡವರ ಕುರ್ಚಿ. ಸೀಟು 18 ಇಂಚು ಇರಬೇಕು, ನೋಡಿ. ಹನ್ನೆರಡು ವರ್ಷದ ಹುಡುಗನಿಗೆ 14 ಇಂಚಿನ ಸೀಟು ಸಾಕಾಗಬಹುದು, ಆಗ ಕುರ್ಚಿಯ ಒಟ್ಟು ಅಗಲವೂ ನಾಲ್ಕು ಇಂಚು ಇಳಿಯುತ್ತೆ. ದೊಡ್ಡ ಕುರ್ಚಿಯಲ್ಲಿ ಕೂತ ಮಗು ಒಂದು ಪಕ್ಕಕ್ಕೆ ವಾಲುತ್ತೆ, ಕೈಬಳೆ ಎಟುಕಲ್ಲ, ಅದಕ್ಕೇ ತಾನೇ ತಳ್ಳಿಕೊಳ್ಳಲ್ಲ. ನಾವು "ಇವನಿಗೆ ಶಕ್ತಿ ಇಲ್ಲ" ಅಂದುಕೊಳ್ತೀವಿ. ಸಲಕರಣೆ ಶಿಬಿರದಲ್ಲಿ ಇದ್ದ ಕುರ್ಚಿ ಕೊಟ್ಟು ಕಳಿಸಿರ್ತಾರೆ. ಮುಂದಿನ ತಪಾಸಣಾ ಶಿಬಿರಕ್ಕೆ ಕರ್ಕೊಂಡು ಬನ್ನಿ, ಸೊಂಟದ ಅಳತೆ ತೆಗೆಸೋಣ.

ಟೇಪು ಮಟ್ಟಗೋಲು

ಕುರ್ಚಿ ಚಿಕ್ಕದಾದರೆ ಬಾಗಿಲು ಹಾಗೇ ಇರಲಿ ಅಂತ ಎಚ್‌ಎಂ ಅಂದುಬಿಡ್ತಾರೆ, ಹುಷಾರು. ನಾಳೆ ಬೇರೆ ಮಗು ಬರುತ್ತೆ, ಇವನೂ ಬೆಳೀತಾನೆ.

ನಿವೃತ್ತ ಹೆಡ್‌ಮಾಸ್ತರ

ನೀವೆಲ್ಲ ಶಾಲೆ ನಡೆಸಿದವರಲ್ಲ. ಅತಿಥಿಗಳ ಮುಂದೆ ಮಗುವಿನ ಬಾಯಲ್ಲಿ "ನಮ್ಮ ಶೌಚಾಲಯ ಸರಿಯಿಲ್ಲ" ಅಂತ ಹೇಳಿಸಿದರೆ ಎಚ್‌ಎಂ ಗತಿ ಏನು? ಮುಂದಿನ ವಾರ ಅವರಿಗೇ ನೋಟಿಸು. ಅಡೆತಡೆ ಮಾತು ಕಚೇರಿಯೊಳಗೆ ಎಸ್‌ಡಿಎಂಸಿ ಸಭೆಯಲ್ಲಿ ಆಗಲಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಪ್ರಾರ್ಥನೆಯಲ್ಲಿ ಸ್ನೇಹದ ಮಾತು ಸಾಕು.

ಮತ್ತೊಂದು, ಆ ಹುಡುಗನ ಮೂತ್ರದ ವಿಷಯ ಎಲ್ಲರೆದುರು ಆಡೋದು ಅವನಿಗೆ ಅವಮಾನ ಅಲ್ಲವೇ?

ಏಳನೇ ಕ್ಲಾಸ್ ಟೀಚರ್

ಸರ್, ನಿಮ್ಮ ಎರಡನೇ ಮಾತು ನನಗೂ ಚುಚ್ಚಿತು. ಅವನನ್ನೇ ಕೇಳಿದೆ. "ನೀರಿನ ಬಾಟಲಿ ಹೇಳಿ, ಹೆಸರು ಬೇಡ, ಆ ಕಡೆದು ಬೇಡ" ಅಂದ. ಹೆಸರು ಹೇಳದಿದ್ದರೂ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತಲ್ಲೋ ಅಂದೆ. "ಗೊತ್ತಾಗಲಿ, ಮೈಕಲ್ಲಿ ಬೇಡ" ಅಂದ. ಅದರ ಅರ್ಥ ನನಗೆ ಪೂರ್ತಿ ಆಗಿಲ್ಲ, ಆದರೆ ಅವನ ಮಾತು ಅವನದು. ನೀನೇ ಭಾಷಣ ಮಾಡ್ತೀಯಾ ಅಂದರೆ ಇಲ್ಲ ಅಂದ. ಅಳತೆ ಓದಲು ಮಾತ್ರ ತಯಾರು.

ಮೊದಲನೇ ಮಾತಿಗೆ ಎಚ್‌ಎಂ ಹತ್ತಿರ ಭಾಷಣ ಮೊದಲೇ ಓದಿಸ್ತೀನಿ.

ಬಿಳಿಕೋಲು

ಮಾಸ್ತರ, ನಡಾವಳಿ ಪುಸ್ತಕದಾಗ ಬರದದ್ದು ಯಾರು ಓದ್ತಾರ್ರಿ? ಅಂವ ಆರು ತಾಸು ನೀರು ಕುಡಿಯೂದಿಲ್ಲ.

ನಿವೃತ್ತ ಹೆಡ್‌ಮಾಸ್ತರ

ಓದ್ತಾರೆ ಸ್ವಾಮಿ, ಆಡಿಟ್‌ಗೆ ಬಂದಾಗ ಅದನ್ನೇ ಓದ್ತಾರೆ. ಗ್ರಾಮ ಪಂಚಾಯ್ತಿಯಲ್ಲಿ ವಿಕಲಚೇತನರಿಗೆ ಅಂತಲೇ ಶೇ. 5ರ ಹಣ ಇರುತ್ತೆ. ಅದನ್ನು ಕೇಳಬೇಕಾದರೆ ಎಸ್‌ಡಿಎಂಸಿ ಠರಾವು ಬೇಕು, ಅಂದಾಜು ಪಟ್ಟಿ ಬೇಕು. ಭಾಷಣದಿಂದ ಸಿಮೆಂಟ್ ಬರೋಲ್ಲ. ಎರಡನ್ನೂ ಮಾಡಿ ಅಂತ ಈಗ ಹೇಳ್ತೇನೆ, ಒಂದನ್ನೇ ಮಾಡಬೇಡಿ.

ಏಳನೇ ಕ್ಲಾಸ್ ಟೀಚರ್

ಹುಡುಗಿಯೇ ಬರೆದಳು, ನಾನು ಅಲ್ಲಲ್ಲಿ ತಿದ್ದಿದೆ. ದಯವಿಟ್ಟು ಓದಿ ಹೇಳಿ.

> ಎಲ್ಲರಿಗೂ ನಮಸ್ಕಾರ. ಇವತ್ತು ಡಿಸೆಂಬರ್ 3. ನಾನು ಒಂದು ಟೇಪು ತಂದಿದ್ದೀನಿ.
>
> ಹೋದ ವಾರ ನಮ್ಮ ಕ್ಲಾಸಿನವರು ನಮ್ಮ ಶಾಲೆಯನ್ನು ಅಳೆದೆವು. ಇಷ್ಟು ದಿನ ನಾನು ಈ ಜಗಲಿಯನ್ನು ಒಂದೇ ನೆಗೆತಕ್ಕೆ ಹತ್ತುತ್ತಿದ್ದೆ. ಅದು ಎಷ್ಟು ಎತ್ತರ ಇದೆ ಅಂತ ನನಗೆ ಗೊತ್ತಿರಲಿಲ್ಲ. 18 ಇಂಚು ಇದೆ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ರ್‍ಯಾಂಪು ಬೇಕಂತೆ. ನಮ್ಮ ರ್‍ಯಾಂಪು 6 ಅಡಿ ಇದೆ. ಇನ್ನು ಎಷ್ಟು ಅಡಿ ಕಡಿಮೆ? ಮೂರನೇ ಕ್ಲಾಸಿನವರು ಹೇಳಿ. ಹೌದು, 12 ಅಡಿ.
>
> ನಮ್ಮ ಕ್ಲಾಸಲ್ಲಿ ಒಂದು ನೀಲಿ ಬಾಟಲಿ ಇದೆ. ಅದು ಬೆಳಿಗ್ಗೆ ತುಂಬಿ ಬರುತ್ತೆ, ಸಂಜೆ ತುಂಬಿಯೇ ಹೋಗುತ್ತೆ. ಅದರ ಪಕ್ಕದಲ್ಲೇ ಎರಡು ವರ್ಷ ಕೂತಿದ್ದೀನಿ. ಯಾಕೆ ಅಂತ ನಾನು ಕೇಳಲಿಲ್ಲ. ನೋಟ್ಸು ಅದೇ ಡೆಸ್ಕಿಂದ ತಗೊಂಡು ಕಾಪಿ ಮಾಡ್ತೀನಿ, ಆದರೂ ಕೇಳಲಿಲ್ಲ. ಕೇಳಿದ ಮೇಲೆ ಗೊತ್ತಾಯ್ತು, ನಮ್ಮ ಶಾಲೆಯಲ್ಲಿ ಕೆಲವು ಜಾಗಕ್ಕೆ ಕೆಲವರು ಹೋಗೋಕೆ ಆಗಲ್ಲ. ಕಾಲು ಕಾರಣ ಅಲ್ಲ. ಬಾಗಿಲು ಒಂದೂವರೆ ಇಂಚು ಕಡಿಮೆ ಇದೆ, ಅದು ಕಾರಣ.
>
> ನಾವು ಎತ್ತುತ್ತೀವಿ. ಎತ್ತೋದು ಒಳ್ಳೇದು ಅಂತ ನಾನು ಅಂದುಕೊಂಡಿದ್ದೆ. ಆದರೆ ನನ್ನನ್ನು ಯಾರಾದರೂ ದಿನಾ ನಾಲ್ಕು ಜನ ಎತ್ತಿದರೆ ನಾನೂ ನೀರು ಕುಡಿಯಲ್ಲ.
>
> ನಮ್ಮ ಕ್ಲಾಸಿನವರು ಮೂರು ಕೆಲಸ ಶುರು ಮಾಡಿದ್ದೀವಿ. ರ್‍ಯಾಂಪಿನ ಬುಡದಲ್ಲಿ ಸೈಕಲ್ ನಿಲ್ಲಿಸಲ್ಲ. ಅಲ್ಲಿದ್ದ ಜಲ್ಲಿ ಕಲ್ಲು ಆರಿಸಿ ಹಾಕಿದ್ದೀವಿ. ಕುರ್ಚಿ ಮುಟ್ಟೋ ಮುಂಚೆ ಕೇಳ್ತೀವಿ. ಉಳಿದದ್ದು ಸಿಮೆಂಟಿನ ಕೆಲಸ, ಮರದ ಕೆಲಸ. ಅದು ನಮ್ಮ ಕೈಲಿ ಆಗಲ್ಲ. ಇಲ್ಲಿ ಕೂತಿರೋ ದೊಡ್ಡವರ ಕೈಲಿ ಆಗುತ್ತೆ. ಅಳತೆ ಬರೆದ ಹಾಳೆ ಎಚ್‌ಎಂ ಸರ್ ಹತ್ತಿರ ಇದೆ. ಲೆಕ್ಕ ತಪ್ಪಿದ್ದರೆ ಹೇಳಿ, ಮತ್ತೆ ಅಳೀತೀವಿ.

ಕ್ವಿಜ್ ಮೇಷ್ಟ್ರು

1992 ಒಂದು ಸಾಲು ಸೇರಿಸಿ ಅಂತ ನನಗಿನ್ನೂ ಅನಿಸುತ್ತೆ. ಆದರೂ "12 ಅಡಿ" ಅಂತ ಮೂರನೇ ಕ್ಲಾಸಿನವರು ಕೂಗೋ ಜಾಗ ಇದೆಯಲ್ಲ, ಅದು ಚೆನ್ನಾಗಿದೆ.

ಶಿರಸಿ ಅಮ್ಮ

ತುಂಬ ಚೆನ್ನಾಗಿದೆ. ಹುಡುಗಿಗೆ ಹೇಳಿ, ಮೈಕು ಗದ್ದದ ಕೆಳಗೆ ಇರಲಿ, ಸೂರ್ಯ ಅವಳ ಮುಖದ ಮೇಲೆ ಬೀಳೋ ಹಾಗೆ ನಿಲ್ಲಲಿ. ಕಪ್ಪುಹಲಗೆ ತಂದಿಟ್ಟು 18, 6, 12 ಅಂತ ದೊಡ್ಡದಾಗಿ ಬರೆದರೆ ಕೇಳದ ಮಕ್ಕಳಿಗೂ ಎಳೆ ಸಿಗುತ್ತೆ. ನಿಮ್ಮಲ್ಲಿ ಕಿವಿ ಕೇಳದವರು ಯಾರೂ ಇಲ್ಲ ಅಂತ ಇರಬಹುದು. ನಮ್ಮ ಶಾಲೆಯಲ್ಲೂ ಹಾಗೇ ಅಂದುಕೊಂಡಿದ್ದರು, ಇವಳದು ಎರಡನೇ ಕ್ಲಾಸಿನ ತನಕ ಗೊತ್ತೇ ಆಗಿರಲಿಲ್ಲ.

ಬ್ಲಾಕಿನ ಬಿಐಇಆರ್‌ಟಿ

"ಎತ್ತಿದರೆ ನಾನೂ ನೀರು ಕುಡಿಯಲ್ಲ" ಸಾಲನ್ನು ಹುಡುಗನಿಗೆ ಇನ್ನೊಮ್ಮೆ ಓದಿ ತೋರಿಸಿ. "ಆ ಕಡೆದು ಬೇಡ" ಅಂದಿದ್ದನಲ್ಲ, ಅದರ ಹತ್ತಿರ ಹತ್ತಿರ ಹೋಗಿದೆ. ಮತ್ತೆ ಎತ್ತೋ ನಾಲ್ಕು ಹುಡುಗರಿಗೂ ಮೊದಲೇ ಓದಿಸಿ, ಅವರಿಗೆ ಬೇಜಾರಾಗಬಾರದು. ಅವರಿಗೂ ಕಬಡ್ಡಿ ಉಳಿಯುತ್ತೆ, ಅವನನ್ನು ಎತ್ತೋಕಲ್ಲದೆ ಮಾತಾಡೋಕೆ ಬರ್ತಾರೆ, ಅದಕ್ಕೆ ತಾನೆ ರ್‍ಯಾಂಪು.

ಏಳನೇ ಕ್ಲಾಸ್ ಟೀಚರ್

ಓದಿ ತೋರಿಸಿದೆ. ಅವನು ಆ ಸಾಲು ಇರಲಿ ಅಂದ, "ಅವಳು ಕಾಪಿ ಮಾಡಿದ್ದು ಎರಡು ವರ್ಷ ಅಲ್ಲ, ಮೂರು" ಅಂತ ಮಾತ್ರ ತಿದ್ದಿದ.

ಏಳನೇ ಕ್ಲಾಸ್ ಟೀಚರ್

ಕೇಳಿದವರಿಗೆಲ್ಲ ಸುದ್ದಿ ಹೇಳಬೇಕು ಅಂತ ಬಂದೆ. ಇವತ್ತು ಡಿಸೆಂಬರ್ 19.

ಭಾಷಣ ಐದು ನಿಮಿಷ ಹಿಡಿಯಿತು. 12 ಅಡಿ ಅಂತ ಕೂಗಿದ್ದು ಒಂದನೇ ಕ್ಲಾಸಿನವರು, ಯಾರೋ ಮೊದಲೇ ಹೇಳಿಕೊಟ್ಟಿರಬೇಕು. ಅಳತೆಯ ಹಾಳೆಯನ್ನು ಎಸ್‌ಡಿಎಂಸಿ ಅಧ್ಯಕ್ಷರ ಕೈಗೆ ಕೊಟ್ಟವನು ಹುಡುಗನೇ. ಮಕ್ಕಳು ಅವನನ್ನು ತಿರುಗಿ ನೋಡಲಿಲ್ಲವೇ ಅಂದರೆ, ನೋಡಿದರು. ಬಾಟಲಿ ಮಾತು ಬಂದಾಗ ನೋಡೇ ನೋಡಿದರು. ಈ ಸಲ ಅವನು ತಲೆ ಬಗ್ಗಿಸಲಿಲ್ಲ ಅಂತ ಮಾತ್ರ ಹೇಳಬಲ್ಲೆ. ಸರಿ ಮಾಡಿದೆನಾ ತಪ್ಪು ಮಾಡಿದೆನಾ, ಇನ್ನೂ ಯೋಚಿಸ್ತಿದ್ದೀನಿ.

ಬಾಗಿಲಿನ ಕೆಲಸ ಆಯ್ತು. ಆರನೇ ಕ್ಲಾಸಿನ ಹುಡುಗನೊಬ್ಬನ ಅಪ್ಪ ಬಡಗಿ, ಭಾನುವಾರ ಬಂದು ಹಿಂಜು ತಿರುಗಿಸಿ ಕೊಟ್ಟರು. 27 ಇಂಚೂವರೆಯಲ್ಲಿ ಕುರ್ಚಿ ಹೋಗುತ್ತೆ, ಕೈಬೆರಳ ಗಿಣ್ಣು ಚೌಕಟ್ಟಿಗೆ ತರಚುತ್ತೆ. ಮೆಟ್ಟಿಲಿಗೆ 7 ಅಡಿ ರ್‍ಯಾಂಪನ್ನು ಎಸ್‌ಡಿಎಂಸಿಯವರೇ ಹಾಕಿಸಿದರು. ಕಡ್ಡಿಪೊರಕೆ ಗೀರು ಎಳೆಸೋದು ಮರೆತು ನುಣ್ಣಗೆ ಒರೆಸಿಬಿಟ್ಟಿದ್ದಾರೆ. ಜಗಲಿಯ 18 ಅಡಿಯದು ಠರಾವು ಆಗಿದೆ, ಅಂದಾಜು ಪಟ್ಟಿ ಪಂಚಾಯ್ತಿಗೆ ಹೋಗಿದೆ, ಉತ್ತರ ಇಲ್ಲ.

ಟೇಪು ಮಟ್ಟಗೋಲು

ನುಣ್ಣಗಾಗಿದ್ದರೆ ಉಳಿ ಸುತ್ತಿಗೆಯಲ್ಲಿ ಸಣ್ಣಗೆ ಕಚ್ಚು ಹೊಡೆಸಿ, ಎರಡಿಂಚಿಗೊಂದು ಅಡ್ಡ ಸಾಲು. ಮಳೆಗಾಲದೊಳಗೆ ಆಗಲಿ. ಮೇಲೆ ಬಾಗಿಲ ಮುಂದೆ ಸಮತಟ್ಟು ಎಷ್ಟು ಬಿಟ್ಟಿದ್ದಾರೆ?

ಏಳನೇ ಕ್ಲಾಸ್ ಟೀಚರ್

ಮೂರು ಅಡಿ.

ಟೇಪು ಮಟ್ಟಗೋಲು

ಬಾಗಿಲು ಹೊರಕ್ಕೆ ತೆರೆಯುತ್ತಲ್ಲ, ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಬಾಗಿಲು ಎಳೆಯಬೇಕು. ಮೂರಡಿಯಲ್ಲಿ ಹಿಂದಿನ ಚಕ್ರ ಇಳಿಜಾರಿಗೆ ಬರುತ್ತೆ. ಐದು ಅಡಿ ಬೇಕಿತ್ತು. ಈಗೇನು ಮಾಡೋದು... ಶಾಲೆ ಹೊತ್ತಲ್ಲಿ ಬಾಗಿಲನ್ನು ಗೋಡೆಗೆ ಕೊಕ್ಕೆ ಹಾಕಿ ತೆರೆದೇ ಇಟ್ಟು, ಒಳಗೊಂದು ಪರದೆ ಕಟ್ಟಿ ನೋಡಿ.

ಶಿರಸಿ ಅಮ್ಮ

ಅದಿರಲಿ, ಬಾಟಲಿ ಕತೆ ಏನಾಯ್ತು?

ಏಳನೇ ಕ್ಲಾಸ್ ಟೀಚರ್

ಸಂಜೆ ಅರ್ಧ ಇರುತ್ತೆ ಈಗ. ಒಂದೊಂದು ದಿನ ಮುಕ್ಕಾಲು. ಕ್ಷೀರಭಾಗ್ಯದ ಹಾಲು ಮಾತ್ರ ಈಗಲೂ ಪಕ್ಕದವಳ ಲೋಟಕ್ಕೆ ಸುರೀತಾನೆ. ಈಗ ಬಾಗಿಲು ಸರಿಯಾಯ್ತಲ್ಲೋ, ಇದ್ಯಾಕೆ ಕುಡಿಯಲ್ಲ ಅಂದೆ. "ಅದು ಬೇರೆ ಟೀಚರ್, ಪೌಡರ್ ಹಾಲು ಯಾರಿಗೆ ಬೇಕು?" ಅಂದ.